ವಾಷಿಂಗ್ ಮೆಷಿನ್‌ಗೆ ನೀರು ತುಂಬಲು ಅರ್ಧ ಗಂಟೆ ಹಿಡಿಯುತ್ತಿದೆಯೇ? ಜಾಲರಿಯೋ ಒತ್ತಡವೋ ಎಂದು ಬಕೆಟ್‌ನಿಂದಲೇ ತಿಳಿಯುವ ಬಗೆ

ಮಳೆ ಜೋರಾಗಿ ಹಿಡಿದು ತೋಡು, ಬಾವಿಗಳ ನೀರು ಕೆಂಪಾದ ಮೇಲೆ ಕೊಡಗಿನ ಮನೆಗಳಲ್ಲಿ ಈ ದೂರು ಹೆಚ್ಚುತ್ತದೆ. ಮೆಷಿನ್‌ಗೆ ಬಟ್ಟೆ ಹಾಕಿ ಗುಂಡಿ ಒತ್ತಿದರೆ ನೀರು ಸಣ್ಣ ದಾರದಂತೆ ಇಳಿಯುತ್ತದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ ಕಳೆದರೂ ಡ್ರಮ್ ತಿರುಗುವುದಿಲ್ಲ. ಕೊನೆಗೆ ಮೆಷಿನ್ ಬೀಪ್ ಎಂದು ಕೂಗಿ ನಿಂತುಬಿಡುತ್ತದೆ. ಎಲ್‌ಜಿ ಯಂತ್ರಗಳಲ್ಲಿ ಆಗ IE ಎಂದು ಕಾಣುತ್ತದೆ. ಸ್ಯಾಮ್‌ಸಂಗ್‌ನಲ್ಲಿ 4C, ಹಳೆಯ ಮಾದರಿಯಾದರೆ 4E. ಇನ್ನು ಕೆಲವು ಯಂತ್ರಗಳಲ್ಲಿ ನಲ್ಲಿಯ ಚಿತ್ರ ಮಿನುಗುತ್ತದೆ. ಇವೆಲ್ಲ ಹೇಳುವುದು ಒಂದೇ ಮಾತು: ಬೇಕಾದ ಮಟ್ಟಕ್ಕೆ ನೀರು ನಿಗದಿತ ಸಮಯದಲ್ಲಿ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದನ್ನು ಯಂತ್ರ ಹೇಳುವುದಿಲ್ಲ. ಅದನ್ನು ನಾವೇ ಕಂಡುಕೊಳ್ಳಬೇಕು. ನಮ್ಮ ಕಡೆ ಹತ್ತರಲ್ಲಿ ಎಂಟು ಸಲ ಕಾರಣ ಎರಡರಲ್ಲಿ ಒಂದಾಗಿರುತ್ತದೆ. ಮೊದಲನೆಯದು, ಮೆಷಿನ್‌ನ ಹಿಂಬದಿಯಲ್ಲಿ ನೀರಿನ ಪೈಪ್ ಸೇರುವ ಬಾಯಿಯೊಳಗಿರುವ ಸಣ್ಣ ಜಾಲರಿ ಕೆಸರಿನಿಂದ ಕಟ್ಟಿಕೊಂಡಿರುವುದು. ಎರಡನೆಯದು, ಟ್ಯಾಂಕ್ ಸಾಕಷ್ಟು ಎತ್ತರದಲ್ಲಿ ಇಲ್ಲದೆ ನಲ್ಲಿಯಲ್ಲಿ ಒತ್ತಡವೇ ಇಲ್ಲದಿರುವುದು. ಬಹಳಷ್ಟು ಮನೆಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಗೊಂದಲ ಶುರುವಾಗುವುದೂ ಅಲ್ಲಿಯೇ. ಜಾಲರಿ ತೊಳೆದಾಗ ಸ್ವಲ್ಪ ಸರಿಹೋದಂತೆ ಕಾಣುತ್ತದೆ, ಸಂಜೆಗೆ ಮತ್ತೆ ಅದೇ ಪಾಡು. ಇನ್ನೊಂದು ಮನೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಪಂಪ್ ಕೂರಿಸುತ್ತಾರೆ, ಆದರೆ ಜಾಲರಿಯನ್ನು ಯಾರೂ ತೆಗೆದು ನೋಡಿರುವುದಿಲ್ಲ. ಆದ್ದರಿಂದ ಏನನ್ನೂ ಕೊಳ್ಳುವ ಮೊದಲು, ಯಾರನ್ನೂ ಕರೆಯುವ ಮೊದಲು, ಅಳೆಯಿರಿ. ಹತ್ತು ಲೀಟರ್‌ನ ಒಂದು ಬಕೆಟ್ ಮತ್ತು ಮೊಬೈಲ್‌ನ ಸ್ಟಾಪ್‌ವಾಚ್ ಇದ್ದರೆ ಸಾಕು.

ಮೂರು ಜಾಗಗಳಲ್ಲಿ ಅಳತೆ

ಟ್ಯಾಂಕ್‌ನಿಂದ ಡ್ರಮ್‌ವರೆಗೆ ನೀರು ಬರುವ ದಾರಿಯಲ್ಲಿ ಮೂರು ಜಾಗಗಳಲ್ಲಿ ಅಳೆಯುತ್ತೇವೆ. ಯಾವ ಎರಡು ಜಾಗಗಳ ನಡುವೆ ನೀರು ಧಟ್ಟನೆ ಕಡಿಮೆಯಾಗುತ್ತದೆಯೋ ತೊಂದರೆ ಅಲ್ಲಿದೆ. ಮೂರೂ ಅಳತೆಗಳನ್ನು ಒಂದೇ ಹೊತ್ತಿನಲ್ಲಿ, ಟ್ಯಾಂಕ್‌ನ ಮಟ್ಟ ಹೆಚ್ಚು ಬದಲಾಗುವ ಮೊದಲೇ ಮಾಡಿ ಮುಗಿಸಬೇಕು. ಆ ಸಮಯದಲ್ಲಿ ಮನೆಯಲ್ಲಿ ಯಾರೂ ಬೇರೆ ನಲ್ಲಿ ತೆರೆಯಬಾರದು.

ಮೊದಲನೆಯದು ಬರಿಯ ನಲ್ಲಿ. ಮೆಷಿನ್‌ನ ಪೈಪನ್ನು ನಲ್ಲಿಯಿಂದ ಬಿಚ್ಚಿ, ನಲ್ಲಿಯನ್ನು ಪೂರ್ತಿ ತೆರೆದು ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ನೋಡಿ. ಆರುನೂರನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. ಅರುವತ್ತು ಸೆಕೆಂಡಾದರೆ ನಿಮಿಷಕ್ಕೆ ಹತ್ತು ಲೀಟರ್, ನೂರಿಪ್ಪತ್ತು ಸೆಕೆಂಡಾದರೆ ಐದು ಲೀಟರ್.

ಎರಡನೆಯದು ಪೈಪ್‌ನ ತುದಿ. ಪೈಪನ್ನು ಮತ್ತೆ ನಲ್ಲಿಗೆ ಜೋಡಿಸಿ, ಮೆಷಿನ್ ಕಡೆಯ ತುದಿಯನ್ನು ಬಿಚ್ಚಿ ಬಕೆಟ್‌ಗೆ ಹಿಡಿಯಿರಿ. ಇಲ್ಲಿ ಒಂದು ಮುಖ್ಯ ವಿಷಯವಿದೆ. ಪೈಪ್‌ನ ತುದಿಯನ್ನು ನೆಲದ ಮೇಲಿನ ಬಕೆಟ್‌ಗೆ ಇಳಿಬಿಡಬಾರದು. ಹೆಚ್ಚಿನ ಯಂತ್ರಗಳಲ್ಲಿ ನೀರಿನ ಬಾಯಿ ನೆಲದಿಂದ ಸುಮಾರು 90 ಸೆಂಟಿಮೀಟರ್ ಮೇಲಿರುತ್ತದೆ. ತುದಿಯನ್ನು ನೆಲಕ್ಕೆ ಇಳಿಸಿದರೆ ಅಷ್ಟು ಎತ್ತರದ ಒತ್ತಡ ಪುಕ್ಕಟೆಯಾಗಿ ಸೇರಿಕೊಂಡು ನೀರು ಚೆನ್ನಾಗಿಯೇ ಬರುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಟ್ಯಾಂಕ್ ಎತ್ತರದಲ್ಲಿರುವ ಮನೆಯಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ. ತಗ್ಗಿನ ಟ್ಯಾಂಕ್ ಇರುವ ಮನೆಯಲ್ಲಿ ಲೆಕ್ಕವೇ ತಲೆಕೆಳಗಾಗುತ್ತದೆ. ಬಕೆಟನ್ನು ಸ್ಟೂಲ್ ಮೇಲಿಟ್ಟು, ಪೈಪ್‌ನ ತುದಿ ಮೆಷಿನ್‌ನ ಬಾಯಿಯ ಎತ್ತರದಲ್ಲೇ ಇರುವಂತೆ ಹಿಡಿಯಿರಿ.

ಮೂರನೆಯದು ಮೆಷಿನ್‌ನ ಒಳಗೆ ಹೋಗುವ ನೀರು. ಪೈಪ್ ಜೋಡಿಸಿ, ಬಟ್ಟೆ ಹಾಕದೆ ಮೆಷಿನ್ ಶುರು ಮಾಡಿ. ನೀರು ಬೀಳುವ ಶಬ್ದ ಕೇಳಿದ ಕ್ಷಣದಿಂದ ಸರಿಯಾಗಿ ಎರಡು ನಿಮಿಷ ಬಿಟ್ಟು ನಿಲ್ಲಿಸಿ. ನಂತರ ಸ್ಪಿನ್ ಅಥವಾ ಡ್ರೈನ್‌ಗೆ ಹಾಕಿ, ಹೊರಹೋಗುವ ಕೊಳವೆಯನ್ನು ಬಕೆಟ್‌ಗೆ ಹಿಡಿದು ಬಂದ ನೀರನ್ನು ಅಳೆಯಿರಿ. ಸ್ವಲ್ಪ ನೀರು ಒಳಗೇ ಉಳಿಯುತ್ತದೆ, ಹಾಗಾಗಿ ಈ ಅಳತೆ ಸ್ಥೂಲವಾದದ್ದು. ಆ ಉಳಿಕೆಯ ವ್ಯತ್ಯಾಸ ಕಡಿಮೆ ಮಾಡಲು, ಅಳೆಯುವ ಮೊದಲೊಮ್ಮೆ ಮೆಷಿನ್‌ಗೆ ನೀರು ತುಂಬಿ ಖಾಲಿ ಮಾಡಿಕೊಳ್ಳುವುದು ಒಳ್ಳೆಯದು.

ನಲ್ಲಿಯಲ್ಲೇ ನೀರು ಕಡಿಮೆಯಿದ್ದರೆ ಟ್ಯಾಂಕ್, ಮನೆಯ ಪೈಪ್ ಅಥವಾ ನಲ್ಲಿಯದೇ ತೊಂದರೆ. ನಲ್ಲಿಯಲ್ಲಿ ಚೆನ್ನಾಗಿ ಬಂದು ಪೈಪ್‌ನ ತುದಿಯಲ್ಲಿ ಸೊರಗಿದರೆ ನಲ್ಲಿಯ ಕಡೆಯ ಜಾಲರಿ ಕಟ್ಟಿದೆ, ಇಲ್ಲವೇ ಪೈಪ್ ಎಲ್ಲೋ ಮಡಚಿಕೊಂಡಿದೆ. ಪೈಪ್‌ನ ತುದಿಯಲ್ಲಿ ಚೆನ್ನಾಗಿದ್ದು ಮೆಷಿನ್‌ನೊಳಗೆ ಮಾತ್ರ ಅರ್ಧಕ್ಕಿಂತ ಕಡಿಮೆಯಾದರೆ ಮೆಷಿನ್ ಬಾಯಿಯ ಜಾಲರಿಯ ಮೇಲೆ ಅನುಮಾನ ಪಡಬೇಕು.

ಅಳತೆಯಿಲ್ಲದೆಯೂ ಒಂದು ಸುಳಿವು ಸಿಗುತ್ತದೆ. ಜಾಲರಿ ಕಟ್ಟಿದ ತೊಂದರೆ ವಾರದಿಂದ ವಾರಕ್ಕೆ ಹೆಚ್ಚುತ್ತಾ ಹೋಗುತ್ತದೆ, ಬೆಳಿಗ್ಗೆಯಾದರೂ ಸಂಜೆಯಾದರೂ ಒಂದೇ ರೀತಿ ಇರುತ್ತದೆ. ಒತ್ತಡದ ತೊಂದರೆ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಪಂಪ್ ಹಾಕಿ ಟ್ಯಾಂಕ್ ತುಂಬಿಸಿದ ಮೇಲೆ ಚುರುಕು, ಎಲ್ಲರ ಸ್ನಾನ ಮುಗಿದ ಮೇಲೆ ನಿಧಾನ.

ನಾಪೋಕ್ಲು ಕಡೆಯ ಒಂದು ಮನೆ

ನಾಪೋಕ್ಲು ಕಡೆ ನನ್ನ ಅಕ್ಕನ ಮನೆಯಲ್ಲಿ ನಡೆದದ್ದನ್ನು ಅಂಕಿಗಳ ಸಮೇತ ಹೇಳುತ್ತೇನೆ, ಏಕೆಂದರೆ ಎರಡೂ ತೊಂದರೆಗಳು ಅಲ್ಲಿ ಒಟ್ಟಿಗೇ ಇದ್ದವು. ಹೆಂಚಿನ ಮನೆ, ಹಿಂದಿನ ಜಗುಲಿಯಲ್ಲಿ ಮೇಲಿನಿಂದ ಬಟ್ಟೆ ಹಾಕುವ ಮೆಷಿನ್. ನೀರು ಬಾವಿಯದು. ಹೆಂಚಿನ ಮಾಡಿನ ಮೇಲೆ ಟ್ಯಾಂಕ್ ಇಡಲು ಆಗುವುದಿಲ್ಲವಾದ್ದರಿಂದ ಮನೆಯ ಪಕ್ಕದಲ್ಲೇ ಕಾಂಕ್ರೀಟ್ ಕಂಬಗಳ ಮೇಲೆ ಇಟ್ಟಿದ್ದರು. "ಕಂಪೆನಿಯವರು ಬಂದು ಮೋಟಾರ್ ಕೆಟ್ಟಿದೆ ಅಂದರೆ ಏನು ಮಾಡಲಿ?" ಎಂದು ಅಕ್ಕ ಕೇಳಿದರು. "ಮೋಟಾರ್‌ಗೂ ನೀರು ತುಂಬುವುದಕ್ಕೂ ಸಂಬಂಧವೇ ಇಲ್ಲ ಅಕ್ಕ, ಮೊದಲು ಬಕೆಟ್ ಕೊಡಿ" ಎಂದೆ.

ಟ್ಯಾಂಕ್ ತುಂಬಿದ್ದಾಗ ಬರಿಯ ನಲ್ಲಿಯಲ್ಲಿ ಬಕೆಟ್ ತುಂಬಲು 75 ಸೆಕೆಂಡು ಹಿಡಿಯಿತು, ಅಂದರೆ ನಿಮಿಷಕ್ಕೆ ಎಂಟು ಲೀಟರ್. ಪೈಪ್‌ನ ತುದಿಯಲ್ಲಿ 100 ಸೆಕೆಂಡು, ಅಂದರೆ ಆರು ಲೀಟರ್. ಮೆಷಿನ್‌ನೊಳಗೆ ಎರಡು ನಿಮಿಷದಲ್ಲಿ ಹೋದದ್ದು ನಾಲ್ಕು ಲೀಟರ್ ಮಾತ್ರ, ನಿಮಿಷಕ್ಕೆ ಎರಡು. ಆರರಿಂದ ಎರಡಕ್ಕೆ ಬಿದ್ದ ಆ ಜಾಗದಲ್ಲೇ ಜಾಲರಿ ಇರುವುದು. ಡ್ರಮ್‌ಗೆ ಐವತ್ತು ಲೀಟರ್ ಬೇಕಾದರೆ ಈ ವೇಗದಲ್ಲಿ ಇಪ್ಪತ್ತೈದು ನಿಮಿಷ ಬೇಕು. ಒಗೆಯಲು ಒಮ್ಮೆ, ಜಾಲಿಸಲು ಮತ್ತೆ ಒಂದೆರಡು ಸಲ ತುಂಬಬೇಕಲ್ಲ, ಒಂದು ಗಂಟೆಯ ಕೆಲಸ ಎರಡು ಗಂಟೆ ದಾಟುತ್ತಿದ್ದುದು ಸಹಜವೇ.

ಜಾಲರಿ ತೆಗೆಯುವುದು, ತೊಳೆಯುವುದು

ಮೊದಲು ನಲ್ಲಿ ನಿಲ್ಲಿಸಿ. ನಲ್ಲಿ ನಿಂತಿರುವಾಗಲೇ ಮೆಷಿನನ್ನು ಕೆಲವು ಸೆಕೆಂಡು ಶುರು ಮಾಡಿ ಬಿಡಿ. ಆಗ ಪೈಪ್‌ನೊಳಗೆ ಉಳಿದಿದ್ದ ಒತ್ತಡ ಇಳಿದು, ಬಿಚ್ಚುವಾಗ ನೀರು ಮುಖಕ್ಕೆ ಹಾರುವುದಿಲ್ಲ. ಆಮೇಲೆ ಮೆಷಿನ್ ನಿಲ್ಲಿಸಿ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಬರಬೇಕು. ಒದ್ದೆ ನೆಲದ ಮೇಲೆ ನಿಂತು ಮಾಡುವ ಕೆಲಸ ಇದು.

ಮೆಷಿನನ್ನು ಗೋಡೆಯಿಂದ ಮುಂದಕ್ಕೆ ಎಳೆದು, ಪೈಪ್ ಸೇರುವ ಜಾಗದ ಕೆಳಗೆ ಹಳೆಯ ಬಟ್ಟೆ ಹಾಸಿ. ಪೈಪ್‌ನ ಪ್ಲಾಸ್ಟಿಕ್ ನಟ್ಟನ್ನು ಕೈಯಿಂದಲೇ ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಬಿಗಿಯಾಗಿದ್ದರೆ ಬಟ್ಟೆ ಸುತ್ತಿ, ಇಕ್ಕಳದಿಂದ ಮೆಲ್ಲಗೆ ಸಡಿಲಿಸಿ. ಮೆಷಿನ್ ಕಡೆಯ ಬಾಯಿ ಕೂಡ ಪ್ಲಾಸ್ಟಿಕ್ಕಿನದೇ. ಬಲ ಹಾಕಿ ಅದು ಬಿರುಕು ಬಿಟ್ಟರೆ ಇಡೀ ವಾಲ್ವ್ ಬದಲಿಸಬೇಕಾಗುತ್ತದೆ.

ಬಾಯಿಯೊಳಗೆ ಟಾರ್ಚ್ ಹಿಡಿದು ನೋಡಿದರೆ ಬೆರಳ ತುದಿಯಷ್ಟು ಅಗಲದ ಜಾಲರಿ ಕಾಣುತ್ತದೆ. ಅಕ್ಕನ ಮನೆಯಲ್ಲಿ ಅದು ಜಾಲರಿಯೆಂದು ಗುರುತು ಹಿಡಿಯುವಂತೆಯೇ ಇರಲಿಲ್ಲ. ಕೆಂಪು ಜೇಡಿ ನುಣ್ಣಗೆ ಮೆತ್ತಿಕೊಂಡು ಪದರವಾಗಿತ್ತು. ಅದರ ಮೇಲೆ ಸಣ್ಣ ಮರಳಿನ ಕಣಗಳು, ಒಂದು ಬದಿಗೆ ಪೈಪ್ ಜೋಡಿಸುವಾಗ ಸುತ್ತಿದ ಬಿಳಿ ಟೇಪಿನ ಚೂರು. ಒಂದು ಅಂಚಿನಲ್ಲಿ ಅರ್ಧ ಉಗುರಿನಷ್ಟು ಜಾಗ ಮಾತ್ರ ತೆರೆದಿತ್ತು. ಅಷ್ಟು ದಿನ ನೀರು ಹೋಗುತ್ತಿದ್ದುದು ಆ ಸಂದಿನಿಂದ.

ಜಾಲರಿಯ ನಡುವೆ ಹಿಡಿದು ಎಳೆಯಲೆಂದೇ ಒಂದು ಸಣ್ಣ ಕಿವಿ ಇರುತ್ತದೆ. ಚೂಪು ಮೂತಿಯ ಇಕ್ಕಳದಿಂದ ಅದನ್ನು ಹಿಡಿದು ನೇರವಾಗಿ ಹೊರಕ್ಕೆ ಎಳೆಯಿರಿ. ತಿರುಚಬೇಡಿ. ಸ್ಕ್ರೂ ಡ್ರೈವರ್‌ನಿಂದ ಮೀಟಬೇಡಿ, ಜಾಲರಿ ಹರಿಯುತ್ತದೆ. ಕೆಲವು ಯಂತ್ರಗಳಲ್ಲಿ ಜಾಲರಿಯ ಹಿಂದೆ ನೀರಿನ ವೇಗ ನಿಯಂತ್ರಿಸುವ ರಬ್ಬರ್ ಬಿಲ್ಲೆ ಇರುತ್ತದೆ. ಅದನ್ನು ಮುಟ್ಟದೆ ಹಾಗೇ ಬಿಡಿ. ಜಾಲರಿ ಕದಲದಿದ್ದರೆ ಅದು ಇದ್ದಲ್ಲೇ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಕೆಸರನ್ನು ಹೊರಗೆ ಎಳೆದು ಒರೆಸಿ ತೆಗೆಯಬಹುದು. ಒಳಕ್ಕೆ ತಳ್ಳಬಾರದು.

ಹೊರಬಂದ ಜಾಲರಿಯನ್ನು ಹಿಂದು ಮುಂದಾಗಿ ಹಿಡಿದು, ಅಂದರೆ ನೀರು ಮಾಮೂಲಿಗೆ ಹೋಗುವ ದಿಕ್ಕಿಗೆ ವಿರುದ್ಧವಾಗಿ, ನಲ್ಲಿಯ ಕೆಳಗೆ ತೊಳೆದರೆ ಹೆಚ್ಚಿನ ಕೊಳೆ ಬಿಟ್ಟುಕೊಳ್ಳುತ್ತದೆ. ಉಳಿದದ್ದಕ್ಕೆ ಬ್ರಷ್. ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವ ಕಡೆ ತುಕ್ಕಿನ ಬಣ್ಣದ ಲೋಳೆ ತೊಳೆದರೂ ಹೋಗುವುದಿಲ್ಲ. ಒಂದು ಲೋಟ ನೀರಿಗೆ ನಿಂಬೆಹಣ್ಣು ಹಿಂಡಿ, ಇಲ್ಲವೇ ಬಿಳಿ ವಿನೆಗರ್ ಹಾಕಿ, ಅದರಲ್ಲಿ ಅರ್ಧ ಗಂಟೆ ನೆನೆಸಿ ಆಮೇಲೆ ಉಜ್ಜಿ. ನಮ್ಮ ಮನೆಗಳಲ್ಲಿ ಕಾಚಂಪುಳಿ ಕೈಗೆಟಕುವಂತೆ ಇರುತ್ತದೆ ನಿಜ, ಆದರೆ ಅದರ ಕಪ್ಪು ಅಂಟು ಬಟ್ಟೆಗೆ ಹೋಗುವ ನೀರಿನ ದಾರಿಯಲ್ಲಿ ಬೇಡ. ಸೂಜಿಯಿಂದ ಕಣ್ಣು ಬಿಡಿಸಲು ಹೋಗಬೇಡಿ, ತೂತು ದೊಡ್ಡದಾಗುತ್ತದೆ. ಬೆಳಕಿಗೆ ಹಿಡಿದಾಗ ಎಲ್ಲ ಕಣ್ಣುಗಳೂ ಕಾಣಬೇಕು. ಹರಿದಿದ್ದರೆ ಹೊಸದು ಕೊಂಡು ಹಾಕಿ. ಬಿಡಿಭಾಗಗಳ ಅಂಗಡಿಗೆ ಹಳೆಯದನ್ನು ಒಯ್ದು ಹೋಲಿಸಿ ತರುವುದು ಉತ್ತಮ.

ಜಾಲರಿಯಿಲ್ಲದೆ ಓಡಿಸಿದರೆ ನೀರು ಜೋರಾಗಿ ಬರುತ್ತದೆ ಎಂದು ಅದನ್ನು ತೆಗೆದೆಸೆದವರನ್ನು ನೋಡಿದ್ದೇನೆ. ಹಾಗೆ ಮಾಡಬಾರದೆಂದು ಗಟ್ಟಿಯಾಗಿ ಹೇಳುತ್ತೇನೆ. ಜಾಲರಿಯ ಹಿಂದಿರುವ ವಾಲ್ವ್‌ನೊಳಗೆ ಒಂದು ರಬ್ಬರ್ ಪೊರೆ ಇದೆ. ಅದರಲ್ಲಿ ತೀರ ಸಣ್ಣದೊಂದು ತೂತಿದೆ. ಆ ತೂತಿನಿಂದ ಪೊರೆಯ ಹಿಂದಕ್ಕೆ ಹೋಗುವ ನೀರಿನ ಒತ್ತಡವೇ ವಾಲ್ವನ್ನು ಮುಚ್ಚಿಡುತ್ತದೆ. ಒಂದು ಮರಳಿನ ಕಣ ಅಲ್ಲಿ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮೆಷಿನ್ ಆರಿಸಿದ ಮೇಲೂ ನೀರು ತೊಟ್ಟಿಕ್ಕುತ್ತಾ ಬೆಳಗಾಗುವಷ್ಟರಲ್ಲಿ ಡ್ರಮ್ ತುಂಬಿರುತ್ತದೆ.

ಈಗ ಪೈಪ್‌ನ ಇನ್ನೊಂದು ತುದಿ. ನಲ್ಲಿಗೆ ಸೇರುವ ಕಡೆಯೂ ಬಹಳಷ್ಟು ಪೈಪ್‌ಗಳಲ್ಲಿ ವಾಷರ್ ಜೊತೆ ಇನ್ನೊಂದು ಜಾಲರಿ ಇರುತ್ತದೆ. ಅದನ್ನೂ ಹೀಗೆಯೇ ತೊಳೆಯಿರಿ. ನಾಲ್ಕು ಸ್ಕ್ರೂ ಬಿಗಿದು ನಲ್ಲಿಗೆ ಹಿಡಿಸುವ ಅಡಾಪ್ಟರ್ ಆಗಿದ್ದರೆ ಅದರೊಳಗಿನ ರಬ್ಬರ್ ಉಬ್ಬಿ ದಾರಿಗೆ ಅಡ್ಡ ಬಂದಿರುವುದೂ ಉಂಟು. ಪೈಪನ್ನು ಜೋಡಿಸುವ ಮೊದಲು ಮೆಷಿನ್ ಕಡೆಯ ತುದಿಯನ್ನು ಬಕೆಟ್‌ಗೆ ಹಿಡಿದು ಒಂದು ಬಕೆಟ್ ನೀರು ರಭಸವಾಗಿ ಬಿಡಿ. ಪೈಪ್‌ನೊಳಗೆ ತಂಗಿದ್ದ ಕೆಸರು ಮೊದಲು ಕೆಂಪಾಗಿ ಬಂದು ಆಮೇಲೆ ತಿಳಿಯಾಗುತ್ತದೆ. ಇದನ್ನು ಬಿಟ್ಟರೆ ಆ ಕೆಸರೆಲ್ಲ ಈಗಷ್ಟೇ ತೊಳೆದ ಜಾಲರಿಗೇ ಹೋಗಿ ಕೂರುತ್ತದೆ.

ಜಾಲರಿಯನ್ನು ಕೊನೆಯವರೆಗೆ ಒತ್ತಿ ಕೂರಿಸಿ, ಪೈಪ್‌ನೊಳಗಿನ ರಬ್ಬರ್ ವಾಷರ್ ಚಪ್ಪಟೆಯಾಗಿ ಕೂತಿದೆಯೇ ನೋಡಿ, ನಟ್ಟನ್ನು ಕೈಯಿಂದ ಬಿಗಿ ಮಾಡಿ. ಸಾಲದೆಂದು ಅನಿಸಿದರೆ ಕಾಲು ಸುತ್ತು ಹೆಚ್ಚು, ಅಷ್ಟೇ. ನಲ್ಲಿ ತೆರೆದು, ನಟ್ಟಿನ ಸುತ್ತ ಒಣ ಕಾಗದ ಒತ್ತಿ ನೋಡಿದರೆ ಸಣ್ಣ ಸೋರಿಕೆಯೂ ಗೊತ್ತಾಗುತ್ತದೆ. ಮೆಷಿನನ್ನು ಹಿಂದಕ್ಕೆ ತಳ್ಳುವಾಗ ಪೈಪ್ ಗೋಡೆಗೆ ಸಿಕ್ಕಿ ಮಡಚದಂತೆ ನಾಲ್ಕು ಬೆರಳು ಜಾಗ ಬಿಡಿ.

ಅಕ್ಕನ ಮನೆಯಲ್ಲಿ ಇಷ್ಟಾದ ಮೇಲೆ ಎರಡು ನಿಮಿಷಕ್ಕೆ ಹತ್ತು ಲೀಟರ್ ಹೋಯಿತು. ನಿಮಿಷಕ್ಕೆ ಎರಡಿದ್ದದ್ದು ಐದಾಯಿತು. ಇಪ್ಪತ್ತೈದು ನಿಮಿಷದ ತುಂಬುವಿಕೆ ಹತ್ತು ನಿಮಿಷಕ್ಕೆ ಇಳಿಯಿತು. ಆದರೆ ಅದೇ ಸಂಜೆ ಟ್ಯಾಂಕ್‌ನ ತಳ ಕಾಣುವ ಹೊತ್ತಿಗೆ ಮತ್ತೆ ಅಳೆದಾಗ ಸಿಕ್ಕಿದ್ದು ನಿಮಿಷಕ್ಕೆ ಮೂರೂವರೆ ಲೀಟರ್. ಶುದ್ಧ ಜಾಲರಿಯೊಂದಿಗೂ ಇಷ್ಟು ಇಳಿಯಿತೆಂದರೆ ಅದು ಒತ್ತಡದ ಕೊರತೆ.

ಎತ್ತರದ ಲೆಕ್ಕ

ಟ್ಯಾಂಕ್‌ನಿಂದ ಇಳಿದುಬರುವ ನೀರಿಗೆ ಒತ್ತಡ ಬರುವುದು ಎತ್ತರದಿಂದ ಮಾತ್ರ. ಟ್ಯಾಂಕ್ ಐನೂರು ಲೀಟರ್‌ನದೋ ಎರಡು ಸಾವಿರದ್ದೋ ಎಂಬುದರಿಂದ ಅಲ್ಲ, ಎಷ್ಟು ದೂರದಲ್ಲಿದೆ ಎಂಬುದರಿಂದಲೂ ಅಲ್ಲ. ಟ್ಯಾಂಕ್‌ನಲ್ಲಿರುವ ನೀರಿನ ಮೇಲ್ಮೈ ಮೆಷಿನ್‌ನ ಬಾಯಿಗಿಂತ ಎಷ್ಟು ಮೀಟರ್ ಮೇಲಿದೆ ಎಂಬುದನ್ನು ನೋಡಬೇಕು. ಹತ್ತು ಮೀಟರ್‌ಗೆ ಸುಮಾರು ಒಂದು ಬಾರ್ ಒತ್ತಡ, ಮೂರು ಮೀಟರ್‌ಗೆ 0.3 ಬಾರ್.

ನಿಮ್ಮ ಮೆಷಿನ್‌ಗೆ ಕನಿಷ್ಠ ಎಷ್ಟು ಬೇಕು ಎಂಬುದು ಜೊತೆಗೆ ಬಂದ ಪುಸ್ತಕದಲ್ಲಿ ಅಥವಾ ಹಿಂಬದಿಯ ಚೀಟಿಯಲ್ಲಿ ಇರುತ್ತದೆ. ಅಲ್ಲಿ 0.03 MPa ಎಂದಿದ್ದರೆ 0.3 ಬಾರ್, ಅಂದರೆ ಮೂರು ಮೀಟರ್ ಎತ್ತರ. 0.05 MPa ಎಂದಿದ್ದರೆ ಐದು ಮೀಟರ್. ಮುಂದಿನಿಂದ ಬಾಗಿಲು ತೆರೆಯುವ ಕೆಲವು ಯಂತ್ರಗಳು 0.1 MPa ಕೇಳುತ್ತವೆ, ಅದು ಹತ್ತು ಮೀಟರ್. ಒಂದು ಮಹಡಿಯ ಮನೆಯ ಟ್ಯಾಂಕ್‌ನಿಂದ ಅಷ್ಟು ಸಿಗುವುದಿಲ್ಲ. ಮೆಷಿನ್ ಕೊಳ್ಳುವ ಮೊದಲೇ ನೋಡಬೇಕಾದ ಅಂಕಿ ಇದು. ಬಣ್ಣ, ಗುಂಡಿಗಳನ್ನೆಲ್ಲ ವಿವರಿಸುವ ಅಂಗಡಿಯವರನ್ನು ಇದೊಂದನ್ನು ಕೇಳಿ.

ಅಕ್ಕನ ಮನೆಯಲ್ಲಿ ಟ್ಯಾಂಕ್ ಕೂತ ಹಲಗೆ ಜಗುಲಿಯ ನೆಲದಿಂದ 2.1 ಮೀಟರ್ ಮೇಲಿತ್ತು. ಮೆಷಿನ್‌ನ ಬಾಯಿ 0.9 ಮೀಟರ್‌ನಲ್ಲಿತ್ತು. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಉಳಿಯುವ ಎತ್ತರ 1.2 ಮೀಟರ್. ತುಂಬಿದ್ದಾಗ ಅದರೊಳಗಿನ ನೀರಿನ 1.2 ಮೀಟರ್ ಸೇರಿ 2.4. ಮೆಷಿನ್ ಕೇಳುತ್ತಿದ್ದದ್ದು ಮೂರು. ಟ್ಯಾಂಕ್ ತುಂಬಿದ್ದಾಗಲೂ ಅದಕ್ಕೆ ಬೇಕಾದಷ್ಟು ಒತ್ತಡ ಸಿಗುತ್ತಿರಲಿಲ್ಲ. ಇಂಥ ಮನೆಯಲ್ಲಿ ಜಾಲರಿ ಸ್ವಲ್ಪ ಕಟ್ಟಿದರೂ ಮೆಷಿನ್ ಕೂಗುತ್ತದೆ. ಎರಡು ಮಹಡಿಯ ಮೇಲೆ ಟ್ಯಾಂಕ್ ಇರುವ ಮನೆಯಲ್ಲಿ ಅರ್ಧ ಕಟ್ಟಿದರೂ ಗೊತ್ತೇ ಆಗುವುದಿಲ್ಲ.

ಏರುತಗ್ಗಿನ ಜಾಗದಲ್ಲಿ ಎತ್ತರವನ್ನು ಕಣ್ಣಳತೆಯಿಂದ ಹೇಳುವುದು ಕಷ್ಟ. ಗಾರೆ ಕೆಲಸದವರ ಬಳಿ ಇರುವ ಪಾರದರ್ಶಕ ಲೆವೆಲ್ ಪೈಪನ್ನು ಕೇಳಿ ತನ್ನಿ. ಅದರಲ್ಲಿ ನೀರು ತುಂಬಿ ಎರಡು ತುದಿಗಳನ್ನು ಹಿಡಿದರೆ ಎರಡರಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಮೆಷಿನ್‌ನ ಮಟ್ಟವನ್ನು ಹೊರಗಿನ ಒಂದು ಕಂಬಕ್ಕೆ ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಟೇಪ್ ಹಿಡಿದರೆ ಸಾಕು.

ಈಗ ಪರಿಹಾರ. ಸದ್ಯಕ್ಕೆ ಆಗಬೇಕಾದರೆ ಟ್ಯಾಂಕ್ ತುಂಬಿಸಿದ ಕೂಡಲೇ, ಬೇರೆ ನಲ್ಲಿಗಳು ನಿಂತಿರುವಾಗ ಮೆಷಿನ್ ಹಾಕಿ. ಮೇಲಿನಿಂದ ಬಟ್ಟೆ ಹಾಕುವ ಯಂತ್ರವಾದರೆ ಬಕೆಟ್‌ನಿಂದ ನೇರವಾಗಿ ಡ್ರಮ್‌ಗೆ ನೀರು ಸುರಿಯಬಹುದು. ಅದು ಸಮಯವನ್ನಲ್ಲ, ನೀರಿನ ಮಟ್ಟವನ್ನು ನೋಡಿ ಮುಂದುವರಿಯುತ್ತದೆ, ಆದ್ದರಿಂದ ಮಟ್ಟ ಮುಟ್ಟಿದ ತಕ್ಷಣ ಒಗೆಯಲು ಶುರು ಮಾಡುತ್ತದೆ.

ಶಾಶ್ವತವಾಗಿ ಆಗಬೇಕಾದರೆ ಎತ್ತರ ಹೆಚ್ಚಿಸಬೇಕು. ಇರುವ ಕಂಬಗಳ ಮೇಲೆಯೇ ಇಟ್ಟಿಗೆ ಪೇರಿಸಿ ಏರಿಸುವುದು ಅಪಾಯ. ಸಾವಿರ ಲೀಟರ್ ನೀರು ಎಂದರೆ ಒಂದು ಟನ್ ತೂಕ, ಮಳೆಗಾಲದಲ್ಲಿ ನಮ್ಮ ಮಣ್ಣು ಎಷ್ಟು ಮೆತ್ತಗಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಕೊಡಗಿನ ಹೆಚ್ಚಿನ ಮನೆಗಳಿಗೆ ಒಂದು ಅನುಕೂಲವಿದೆ, ಮನೆಯ ಹಿಂದೆ ಏರು ಇರುತ್ತದೆ. ಅಕ್ಕನ ಮನೆಯ ಹಿಂದೆಯೂ ಕಾಫಿ ಗಿಡಗಳ ನಡುವೆ ಒಂದು ಹಳೆಯ, ಗಟ್ಟಿಯಾದ ಸಮತಟ್ಟಿತ್ತು, ಜಗುಲಿಯ ನೆಲಕ್ಕಿಂತ 4.5 ಮೀಟರ್ ಮೇಲೆ. ಟ್ಯಾಂಕನ್ನು ಅಲ್ಲಿಗೆ ಸಾಗಿಸಿದೆವು. ಈಗ ಖಾಲಿಯಾಗುತ್ತಾ ಬಂದರೂ 3.6 ಮೀಟರ್ ಉಳಿಯುತ್ತದೆ, ತುಂಬಿದ್ದರೆ 4.8.

ಅಲ್ಲಿಂದ ಮನೆಗೆ ಇಪ್ಪತ್ತೈದು ಮೀಟರ್ ಪೈಪ್ ಬೇಕಾಯಿತು. ಪ್ಲಂಬರ್ ಅರ್ಧ ಇಂಚಿನದನ್ನೇ ಎಳೆಯಲು ಹೊರಟಿದ್ದರು. ಅದು ಬೇಡವೆಂದು ಒಂದು ಇಂಚಿನದನ್ನು ಹಾಕಿಸಿದೆವು. ನಿಮಿಷಕ್ಕೆ ಎಂಟು ಲೀಟರ್ ಹರಿಯುವಾಗ ಇಪ್ಪತ್ತೈದು ಮೀಟರ್ ಉದ್ದದ ಅರ್ಧ ಇಂಚಿನ ಪೈಪ್ ಉಜ್ಜಾಟದಿಂದಲೇ ಸುಮಾರು ಒಂದೂವರೆ ಮೀಟರ್ ಎತ್ತರದಷ್ಟು ಒತ್ತಡವನ್ನು ತಿಂದುಹಾಕುತ್ತದೆ. ಒಂದು ಇಂಚಿನದು ಒಂದು ಗೇಣಿನಷ್ಟನ್ನೂ ತಿನ್ನುವುದಿಲ್ಲ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಸಪೂರ ಪೈಪ್‌ಗೆ ಕಳೆದುಕೊಳ್ಳಬಾರದು. ಮೆಷಿನ್‌ನ ನಲ್ಲಿಯ ಹತ್ತಿರ ಬಂದ ಮೇಲೆ ಅರ್ಧ ಇಂಚಿಗೆ ಇಳಿಸಿದರೆ ಸಾಕು. ಪೈಪ್ ದಾರಿಯಲ್ಲಿ ಎಲ್ಲೂ ಮೇಲೆದ್ದು ಇಳಿಯದಂತೆ, ಒಂದೇ ಸಮನೆ ಇಳಿಜಾರಾಗಿ ಬರಲಿ. ಉಬ್ಬಿದ ಕಡೆ ಗಾಳಿ ಸಿಕ್ಕಿಕೊಂಡು ನಲ್ಲಿ ಗೊರಗೊರ ಎನ್ನುತ್ತಾ ನಿಂತುಬಿಡುತ್ತದೆ. ಒರತೆಯಿಂದ ಕಪ್ಪು ಪೈಪ್ ಎಳೆದು ನೀರು ತರುವವರಿಗೆ ಇದು ಹೊಸತಲ್ಲ. ಇದೆಲ್ಲ ಮುಗಿದ ಮೇಲೆ ಮೆಷಿನ್‌ನೊಳಗೆ ನಿಮಿಷಕ್ಕೆ ಏಳು ಲೀಟರ್ ಹೋಗುತ್ತಿದೆ, ಟ್ಯಾಂಕ್ ತಳ ಕಂಡಾಗಲೂ ಆರಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಏರು ಇಲ್ಲದ ಸಮತಟ್ಟು ಜಾಗದಲ್ಲಿ, ಉದಾಹರಣೆಗೆ ಕುಶಾಲನಗರದ ಕಡೆಯ ಬಯಲಿನಲ್ಲಿ, ಸಣ್ಣ ಬೂಸ್ಟರ್ ಪಂಪ್ ಹಾಕುವುದು ಸರಿ. ನಲ್ಲಿ ತೆರೆದಾಗ ತಾನೇ ಚಾಲೂ ಆಗುವ ಪಂಪ್‌ಗಳು ಸಿಗುತ್ತವೆ. ಅದನ್ನು ಟ್ಯಾಂಕ್‌ನಿಂದ ಬರುವ ಪೈಪ್‌ಗೆ ಮಾತ್ರ ಹಾಕಬೇಕು, ಊರಿನ ನೀರಿನ ಕೊಳವೆಗೆ ನೇರವಾಗಿ ಹಾಕಬಾರದು. ಅರ್ತಿಂಗ್ ಸರಿಯಿರಲೇಬೇಕು.

ಕೆಸರನ್ನು ದಾರಿಯಲ್ಲೇ ತಡೆಯುವುದು

ಮೆಷಿನ್ ಬಾಯಿಯ ಜಾಲರಿ ಚಿಕ್ಕದು, ಬೇಗ ಕಟ್ಟುತ್ತದೆ. ಅದಕ್ಕಿಂತ ದೊಡ್ಡ ಜಾಲರಿಯೊಂದನ್ನು ಕೈಗೆ ಸಿಗುವ ಜಾಗದಲ್ಲಿ ಕೂರಿಸಿದರೆ ಅರ್ಧ ತಲೆನೋವು ಕಳೆಯುತ್ತದೆ. ಕುಡಿಯುವ ನೀರಿಗೆ ಹಾಕುವ ತೀರ ಸಣ್ಣ ಕಣ್ಣಿನ ಕಾಟ್ರಿಡ್ಜ್ ಫಿಲ್ಟರ್ ಇಲ್ಲಿ ಬೇಡ. ತಗ್ಗಿನ ಟ್ಯಾಂಕ್‌ನ ಸೌಮ್ಯ ಒತ್ತಡವನ್ನು ಅದೇ ನುಂಗಿಬಿಡುತ್ತದೆ, ಕೆಂಪು ನೀರು ಬಂದರೆ ಬೇಗನೆ ಮುಚ್ಚಿಕೊಳ್ಳುತ್ತದೆ. ಹನಿ ನೀರಾವರಿಗೆ ಬಳಸುವ ಒಂದು ಇಂಚಿನ ಜಾಲರಿ ಅಥವಾ ಡಿಸ್ಕ್ ಫಿಲ್ಟರ್ ಉತ್ತಮ. ನೀರಾವರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮುಚ್ಚಳ ತಿರುಗಿಸಿ ತೆಗೆದು, ತೊಳೆದು ಮತ್ತೆ ಹಾಕಬಹುದು. ಅದಕ್ಕೂ ಮೊದಲು, ಟ್ಯಾಂಕ್‌ನ ಕಡೆಗೆ ಒಂದು ಗೇಟ್ ವಾಲ್ವ್ ಇರಲಿ, ತೊಳೆಯುವಾಗ ಇಡೀ ಟ್ಯಾಂಕ್ ಖಾಲಿಯಾಗುವುದು ತಪ್ಪುತ್ತದೆ.

ಟ್ಯಾಂಕ್‌ನಿಂದ ನೀರು ಹೊರಬರುವ ಕೊಳವೆ ತಳಕ್ಕೆ ಅಂಟಿಕೊಂಡಿರದೆ ಒಂದು ಗೇಣಿನಷ್ಟು ಮೇಲಿದ್ದರೆ ಕೆಸರು ಕೆಳಗೇ ತಂಗುತ್ತದೆ. ತಳದಲ್ಲಿ ಬೇರೊಂದು ಬಾಯಿ ಇಟ್ಟು ಆಗಾಗ ತೆರೆದು ಕೆಸರನ್ನು ಹೊರಬಿಡಬಹುದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಕಕ್ಕಡದಲ್ಲಿ ತೋಡಿನ ನೀರು ತೀರ ಕೆಂಪಾಗಿದ್ದರೆ ಹದಿನೈದು ದಿನಕ್ಕೊಮ್ಮೆ ಮೆಷಿನ್‌ನ ಜಾಲರಿ ನೋಡಿ. ಬೇಸಿಗೆಯಲ್ಲಿ ಮೂರು ತಿಂಗಳಿಗೊಮ್ಮೆ ಸಾಕು. ಪ್ಲಂಬರ್ ಬಂದು ಪೈಪ್ ಕೆಲಸ ಮಾಡಿಹೋದ ಮರುದಿನ ತಪ್ಪದೆ ನೋಡಿ, ಪೈಪ್ ಕೊಯ್ದ ಪುಡಿ ಮತ್ತು ಟೇಪಿನ ಚೂರು ಬಂದು ಸೇರುವುದು ಆಗಲೇ.

ಜಾಲರಿ ಶುದ್ಧ, ಒತ್ತಡ ಸರಿ, ಆದರೂ ನಿಧಾನವಾದರೆ

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಹೊರಹೋಗುವ ಕೊಳವೆಯನ್ನೊಮ್ಮೆ ನೋಡಿ. ಅದು ಕೊಕ್ಕೆಯಿಂದ ಜಾರಿ ನೆಲಕ್ಕೆ ಬಿದ್ದಿದ್ದರೆ, ಅದನ್ನು ಎತ್ತರದಲ್ಲಿ ಇಡಬೇಕಾದ ಯಂತ್ರಗಳಲ್ಲಿ ಒಂದು ಕಡೆ ತುಂಬಿದ ನೀರು ಇನ್ನೊಂದು ಕಡೆ ಹರಿದುಹೋಗುತ್ತಿರುತ್ತದೆ, ಮಟ್ಟ ಏರುವುದೇ ಇಲ್ಲ. ತುಂಬುತ್ತಿರುವಾಗ ಬಚ್ಚಲಿಗೆ ನೀರು ಬೀಳುತ್ತಿದೆಯೇ ಎಂದು ನೋಡಿದರೆ ತಿಳಿಯುತ್ತದೆ. ಎಷ್ಟು ಎತ್ತರದಲ್ಲಿ ಇಡಬೇಕೆಂಬುದು ಮೆಷಿನ್‌ನ ಪುಸ್ತಕದಲ್ಲಿದೆ.

ಅದೂ ಸರಿಯಿದ್ದರೆ ಅನುಮಾನ ವಾಲ್ವ್‌ನ ಮೇಲೆ. ಪೈಪ್‌ನ ತುದಿಯಲ್ಲಿ ಏಳೆಂಟು ಲೀಟರ್ ಬರುತ್ತಿದ್ದು, ಶುದ್ಧ ಜಾಲರಿಯೊಂದಿಗೂ ಮೆಷಿನ್‌ನೊಳಗೆ ಎರಡು ಲೀಟರ್ ಮಾತ್ರ ಹೋದರೆ ಪೊರೆ ಪೂರ್ತಿ ತೆರೆಯುತ್ತಿಲ್ಲ ಎಂದರ್ಥ. ಮೆಷಿನ್ ಆರಿಸಿ, ನಲ್ಲಿ ತೆರೆದಿಟ್ಟು ಒಂದು ರಾತ್ರಿ ಬಿಟ್ಟಾಗ ಡ್ರಮ್‌ನಲ್ಲಿ ನೀರು ಸೇರಿದ್ದರೆ ಅದು ಪೂರ್ತಿ ಮುಚ್ಚುತ್ತಿಲ್ಲ. ತೀರ ಕಡಿಮೆ ಒತ್ತಡದಲ್ಲಿಯೂ ಹೀಗೆ ಸೋರುವುದುಂಟು, ಏಕೆಂದರೆ ಪೊರೆಯನ್ನು ಒತ್ತಿ ಹಿಡಿಯುವುದು ನೀರಿನ ಒತ್ತಡವೇ. ಆದ್ದರಿಂದ ಒತ್ತಡ ಸರಿಪಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಆಮೇಲೂ ಸೋರಿದರೆ ವಾಲ್ವ್ ಬದಲಿಸಬೇಕು. ಅದು ವಿದ್ಯುತ್ ಸಂಪರ್ಕವಿರುವ ಭಾಗ, ಮುಚ್ಚಳ ಬಿಚ್ಚುವುದು ಮೆಕ್ಯಾನಿಕ್‌ನ ಕೆಲಸ. ಅವರು ಬಂದಾಗ ನಲ್ಲಿ, ಪೈಪ್‌ನ ತುದಿ, ಮೆಷಿನ್‌ನ ಒಳಗೆ ಎಂದು ಬರೆದಿಟ್ಟ ಮೂರು ಅಂಕಿಗಳ ಚೀಟಿ ಕೊಡಿ. ವಾಲ್ವ್ ಬರುವವರೆಗೆ ಬಟ್ಟೆ ಒಗೆದಾದ ಕೂಡಲೇ ನಲ್ಲಿ ನಿಲ್ಲಿಸುವುದನ್ನು ಮಾತ್ರ ಮರೆಯಬೇಡಿ.